ಆಕ್ಸ್ ಮಾತ್ರ ಇರುವ ಕಾರಿಗೆ ಬ್ಲೂಟೂತ್: ಆ ಸೀಟಿ ಸದ್ದು ಎಲ್ಲಿಂದ ಬರುತ್ತದೆ, ಹೇಗೆ ನಿಲ್ಲಿಸುವುದು

ನಮ್ಮ ಭಾವನ ಹತ್ತಿರ 2011ರ ಒಂದು ಡೀಸೆಲ್ ಕಾರಿದೆ. ಎಂಜಿನ್ ಇನ್ನೂ ಗಟ್ಟಿಯಾಗಿದೆ, ಸ್ಪೀಕರ್‌ಗಳೂ ಚೆನ್ನಾಗಿವೆ. ಸ್ಟೀರಿಯೋದಲ್ಲಿ ಬ್ಲೂಟೂತ್ ಇಲ್ಲ ಅನ್ನುವುದೊಂದೇ ಕೊರತೆ. ಇರುವುದು ರೇಡಿಯೋ, ಸಿಡಿ ಮತ್ತು ಒಂದು ಆಕ್ಸ್ ತೂತು. ಹಾಸನದಿಂದ ಸಕಲೇಶಪುರಕ್ಕೆ ವಾರಕ್ಕೆರಡು ಸಲ ಓಡಾಡುವ ಅವರು ಒಂದು ಸಣ್ಣ ಬ್ಲೂಟೂತ್ ರಿಸೀವರ್ ತಂದು ಹಾಕಿದರು. ಹಾಡು ಬಂತು. ಜೊತೆಗೆ ಒಂದು ಸೀಟಿಯೂ ಬಂತು. ಆಕ್ಸಿಲರೇಟರ್ ಒತ್ತಿದರೆ ಸೀಟಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಹಾಡು ನಿಂತಾಗ "ಸುಯ್" ಅನ್ನುವ ಸದ್ದೂ ಉಳಿಯುತ್ತದೆ. ಅಂಗಡಿಯಲ್ಲಿ ಕೇಳಿದರೆ ಸ್ಟೀರಿಯೋನೇ ಬದಲಾಯಿಸಿ ಅಂದರಂತೆ.

ಬದಲಾಯಿಸುವ ಅಗತ್ಯ ಇರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಕೂತು ಎರಡು ಸದ್ದನ್ನೂ ಬೇರೆ ಬೇರೆ ಮಾಡಿ ಹುಡುಕಿದೆವು. ಎರಡಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಹುಡುಕುವ ಮೊದಲೇ ಆನ್‌ಲೈನ್‌ನಲ್ಲಿ ಸಿಗುವ "ನಾಯ್ಸ್ ಫಿಲ್ಟರ್" ತರಿಸಿಕೊಂಡು ದುಡ್ಡು ಕಳೆಯುವವರೇ ಜಾಸ್ತಿ. ಅದಕ್ಕೇ ಈ ಲೇಖನದಲ್ಲಿ ಜೋಡಿಸುವ ಕೆಲಸಕ್ಕಿಂತ ಹುಡುಕುವ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಜೋಡಣೆ

ಕೊಳ್ಳುವಾಗ ಪೆಟ್ಟಿಗೆಯ ಮೇಲೆ ರಿಸೀವರ್ ಅಂತ ಇದೆಯಾ ನೋಡಿ. ನೋಡಲು ಇದೇ ಥರ ಇರುವ ಟ್ರಾನ್ಸ್‌ಮಿಟರ್ ಕೂಡ ಸಿಗುತ್ತದೆ. ಅದು ಟಿವಿಯಿಂದ ಹೆಡ್‌ಫೋನ್‌ಗೆ ಸದ್ದು ಕಳಿಸಲು ಇರುವುದು, ನಮ್ಮ ಕೆಲಸಕ್ಕೆ ಬರುವುದಿಲ್ಲ. ಲೈಟರ್ ಸಾಕೆಟ್‌ಗೆ ಸಿಕ್ಕಿಸಿ ಎಫ್‌ಎಂ ಮೂಲಕ ಕೇಳುವ ಸಾಧನವೂ ಬೇರೆಯೇ. ಆಕ್ಸ್ ತೂತು ಇದ್ದವರು ಅದರ ತಂಟೆಗೆ ಹೋಗಬೇಡಿ. ಎಫ್‌ಎಂನಲ್ಲಿ ಊರು ದಾಟಿದಂತೆಲ್ಲ ಬೇರೆ ಸ್ಟೇಷನ್ ಒಳಗೆ ನುಗ್ಗುತ್ತದೆ.

ರಿಸೀವರ್‌ನಲ್ಲಿ ಎರಡು ಬಗೆ. ಒಂದಕ್ಕೆ ಒಳಗೇ ಸಣ್ಣ ಬ್ಯಾಟರಿ ಇರುತ್ತದೆ, ಮನೆಯಲ್ಲಿ ಚಾರ್ಜ್ ಮಾಡಿ ತಂದು ಸಿಕ್ಕಿಸಬೇಕು. ಇನ್ನೊಂದಕ್ಕೆ ಬ್ಯಾಟರಿ ಇಲ್ಲ, ಕಾರಿನ ಯುಎಸ್‌ಬಿ ಚಾರ್ಜರ್‌ನಿಂದ ಸದಾ ಕರೆಂಟ್ ಬೇಕು. ಎರಡನೆಯದರಲ್ಲಿ ಕೀಲಿ ತಿರುಗಿಸಿದ ತಕ್ಷಣ ತಾನೇ ಫೋನ್‌ಗೆ ಜೋಡಿಕೊಳ್ಳುವ ಅನುಕೂಲ ಇದೆ. ಆದರೆ ಸೀಟಿಯ ಸಮಸ್ಯೆ ಹೆಚ್ಚಾಗಿ ಬರುವುದೂ ಇದರಲ್ಲೇ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕಾರು ನಿಲ್ಲಿಸಿಕೊಂಡೇ ಈ ಕೆಲಸ ಮಾಡಿ. ರಿಸೀವರ್‌ಗೆ ಕರೆಂಟ್ ಕೊಡಿ. ಅದರ ಆಕ್ಸ್ ವೈರನ್ನು ಸ್ಟೀರಿಯೋಗೆ "ಟಕ್" ಅನ್ನುವವರೆಗೆ ಒತ್ತಿ. ಅರ್ಧ ಹೋದರೆ ಒಂದೇ ಕಡೆಯ ಸ್ಪೀಕರ್ ಹಾಡುತ್ತದೆ, ಇಲ್ಲವೇ ಕರಕರ ಅನ್ನುತ್ತದೆ. ಸ್ಟೀರಿಯೋವನ್ನು ಆಕ್ಸ್‌ಗೆ ತಿರುಗಿಸಿ, ಫೋನಿನಲ್ಲಿ ಬ್ಲೂಟೂತ್ ತೆರೆದು ರಿಸೀವರ್‌ನ ಹೆಸರನ್ನು ಮುಟ್ಟಿ. ರಿಸೀವರ್‌ನ ಮೈಕ್ ಗೇರ್ ಹತ್ತಿರ ಎಲ್ಲೋ ಕೆಳಗೆ ಇದ್ದರೆ ಫೋನ್ ಕರೆ ಚೆನ್ನಾಗಿ ಕೇಳುವುದಿಲ್ಲ. ಆಗ ಫೋನಿನ ಬ್ಲೂಟೂತ್ ಸೆಟ್ಟಿಂಗ್‌ನಲ್ಲಿ ಆ ಸಾಧನದ ಹೆಸರಿನ ಪಕ್ಕದ ಗುರುತು ಒತ್ತಿ, ಕರೆಗಳಿಗೆ ಇರುವ ಆಯ್ಕೆಯನ್ನು ಆಫ್ ಮಾಡಿ, ಹಾಡಿನ ಆಯ್ಕೆಯನ್ನು ಮಾತ್ರ ಉಳಿಸಿ.

ಇಲ್ಲೇ ಒಂದು ಎಚ್ಚರಿಕೆ. ಆಕ್ಸ್ ವೈರಿನ ಒಂದು ತುದಿ ಸ್ಟೀರಿಯೋದಲ್ಲಿದ್ದು ಇನ್ನೊಂದು ತುದಿ ಸುಮ್ನೆ ನೇತಾಡುತ್ತಿದ್ದರೆ ಅದು ತೆರೆದ ಲೈಟರ್ ಸಾಕೆಟ್ ಒಳಗೆ ಬೀಳದಂತೆ ನೋಡಿಕೊಳ್ಳಿ. ಸಾಕೆಟ್‌ನ ತಳದಲ್ಲಿ 12 ವೋಲ್ಟ್ ಇದೆ. ಪಿನ್ನು ತಳವನ್ನು ಮುಟ್ಟಿದರೆ ಫ್ಯೂಸ್ ಹೋಗಬಹುದು, ಸ್ಟೀರಿಯೋದ ಆಕ್ಸ್ ಭಾಗವೂ ಸುಡಬಹುದು. ಎರಡೂ ಪಕ್ಕಪಕ್ಕದಲ್ಲೇ ಇರುವ ಕಾರುಗಳು ಎಷ್ಟೋ ಇವೆ.

ಯಾವ ಸದ್ದು? ಕಿವಿಗೊಟ್ಟು ಕೇಳಿ

ಹಾಡು ನಿಲ್ಲಿಸಿ. ಫೋನ್ ಜೋಡಣೆ ಹಾಗೇ ಇರಲಿ. ಸ್ಟೀರಿಯೋ ವಾಲ್ಯೂಮ್ ನೀವು ಸಾಮಾನ್ಯವಾಗಿ ಇಡುವಷ್ಟೇ ಇಡಿ. ಈಗ ಎಂಜಿನ್ ಆಫ್ ಮಾಡಿ, ಸ್ಟೀರಿಯೋ ಮಾತ್ರ ನಡೆಯುವಷ್ಟು ಕೀಲಿ ತಿರುಗಿಸಿ ಕೇಳಿ. ಆಮೇಲೆ ಎಂಜಿನ್ ಶುರು ಮಾಡಿ, ನ್ಯೂಟ್ರಲ್‌ನಲ್ಲಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕೇಳಿ.

ಎಂಜಿನ್ ಜೊತೆ ಏರಿಳಿಯುವ ಸೀಟಿ ಆಲ್ಟರ್ನೇಟರ್‌ನದು. ಹಳಬರು ಡೈನಮೋ ಅನ್ನುತ್ತಾರಲ್ಲ, ಅದೇ. ಎಂಜಿನ್ ಇದ್ದರೂ ಇಲ್ಲದಿದ್ದರೂ ಒಂದೇ ಸಮನೆ ಬರುವ "ಸುಯ್" ಬೇರೆ ಸಮಸ್ಯೆ. ಅದರ ವಿಷಯ ಕೊನೆಯಲ್ಲಿ. ಮೂರನೆಯದು, ಎಂಜಿನ್ ವೇಗಕ್ಕೆ ತಕ್ಕಂತೆ "ಟಿಕ್ ಟಿಕ್ ಟಿಕ್" ಅನ್ನುವ ಸದ್ದು. ಇದು ಪೆಟ್ರೋಲ್ ಗಾಡಿಯ ಸ್ಪಾರ್ಕ್ ಪ್ಲಗ್ ಕಡೆಯಿಂದ ಬರುವಂಥದ್ದು. ಡೀಸೆಲ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ, ಹಾಗಾಗಿ ಭಾವನ ಕಾರಿನಲ್ಲಿ ಆ ಅನುಮಾನಕ್ಕೇ ಜಾಗ ಇರಲಿಲ್ಲ.

ಆಲ್ಟರ್ನೇಟರ್ ಸದ್ದು ಗುಂಯ್ ಅನ್ನದೆ ಸೀಟಿಯಂತೆ ಯಾಕೆ ಕೇಳುತ್ತದೆ ಅನ್ನುವುದಕ್ಕೆ ಒಂದು ಚಂದದ ಲೆಕ್ಕ ಇದೆ. ಐಡಲ್‌ನಲ್ಲಿ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತದೆ ಅಂದುಕೊಳ್ಳಿ. ಬೆಲ್ಟಿನ ಪುಲ್ಲಿ ಸಣ್ಣದಾದ್ದರಿಂದ ಆಲ್ಟರ್ನೇಟರ್ ಸುಮಾರು ಎರಡೂವರೆ ಪಟ್ಟು, ಅಂದರೆ 2000 ಸುತ್ತು ತಿರುಗುತ್ತದೆ. 12 ಧ್ರುವಗಳ ಸಾಮಾನ್ಯ ಆಲ್ಟರ್ನೇಟರ್‌ನಲ್ಲಿ ಒಂದು ಸುತ್ತಿಗೆ ಕರೆಂಟಿನಲ್ಲಿ 36 ಸಣ್ಣ ಅಲೆಗಳು ಏಳುತ್ತವೆ. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 1200 ಅಲೆ. ಎಂಜಿನ್ 2000 ಸುತ್ತಿಗೆ ಏರಿದರೆ 3000 ಅಲೆ. ನಮ್ಮ ಕಿವಿ ತುಂಬಾ ಚುರುಕಾಗಿ ಕೇಳುವ ಜಾಗವೇ ಅದು. ಅದಕ್ಕೇ ಇಷ್ಟು ಸಣ್ಣ ಸದ್ದೂ ಅಷ್ಟು ಕಿರಿಕಿರಿ.

ಅದು ಹಾಡಿನೊಳಗೆ ಹೇಗೆ ಸೇರುತ್ತದೆ

ಕಾರಿನಲ್ಲಿ ಬ್ಯಾಟರಿಯ ಮೈನಸ್ ಬಾಡಿಗೆ ಕೊಟ್ಟಿರುತ್ತಾರೆ. ಎಲೆಕ್ಟ್ರಿಷಿಯನ್‌ಗಳು "ಬಾಡಿ ಅರ್ತ್" ಅನ್ನುವುದು ಇದನ್ನೇ. ಎಲ್ಲ ಉಪಕರಣಗಳ ಕರೆಂಟೂ ಈ ದಾರಿಯಲ್ಲೇ ವಾಪಸ್ ಹೋಗಬೇಕು. ಬಾಡಿ ಎಲ್ಲ ಒಂದೇ ತಗಡು ಅಲ್ವಾ, ಎಲ್ಲ ಕಡೆಯೂ ಸೊನ್ನೆ ವೋಲ್ಟೇ ಇರಬೇಕು ಅನ್ನಿಸುತ್ತದೆ. ನಿಜವಾಗಿ ಹಾಗಿರುವುದಿಲ್ಲ. ವೈರಿಗೂ ಬೋಲ್ಟಿಗೂ ತಗಡಿಗೂ ಒಂದಿಷ್ಟು ತಡೆ ಇದ್ದೇ ಇದೆ. ಕರೆಂಟ್ ಹರಿದಾಗ ಲೈಟರ್ ಸಾಕೆಟ್‌ನ ಅರ್ತ್ ಮತ್ತು ಸ್ಟೀರಿಯೋದ ಅರ್ತ್ ನಡುವೆ ಕೆಲವು ಮಿಲಿವೋಲ್ಟ್ ವ್ಯತ್ಯಾಸ ಹುಟ್ಟುತ್ತದೆ. ಆಲ್ಟರ್ನೇಟರ್‌ನ ಆ ಅಲೆಗಳೂ ಆ ವ್ಯತ್ಯಾಸದಲ್ಲಿ ಇರುತ್ತವೆ.

ಈಗ ನಾವು ಮಾಡಿದ್ದೇನು? ರಿಸೀವರ್‌ಗೆ ಕರೆಂಟ್ ಲೈಟರ್ ಸಾಕೆಟ್‌ನಿಂದ ತಂದೆವು, ಸದ್ದಿನ ವೈರನ್ನು ಸ್ಟೀರಿಯೋಗೆ ಕೊಟ್ಟೆವು. ಅಂದರೆ ಎರಡು ಬೇರೆ ಅರ್ತ್‌ಗಳನ್ನು ತೆಳ್ಳನೆಯ ಆಕ್ಸ್ ವೈರಿನ ಮೂಲಕ ಸೇರಿಸಿಬಿಟ್ಟೆವು. ಇದಕ್ಕೆ ಗ್ರೌಂಡ್ ಲೂಪ್ ಅನ್ನುತ್ತಾರೆ. ಕಾರಿನ ಕರೆಂಟಿನ ಒಂದು ಚೂರು ಈ ವೈರಿನಲ್ಲೂ ಹರಿಯತೊಡಗುತ್ತದೆ. ಆ ವೈರಿನಲ್ಲಿ ಹಾಡಿನ ಸಿಗ್ನಲ್ಲೇ ಅರ್ಧ ವೋಲ್ಟ್ ಆಸುಪಾಸು. ಅದರಲ್ಲಿ ಒಂದೆರಡು ಮಿಲಿವೋಲ್ಟ್ ಸೀಟಿ ಬೆರೆತರೂ ಹಾಡಿನ ನಡುವಿನ ಮೌನದಲ್ಲಿ ಸ್ಪಷ್ಟವಾಗಿ ಕೇಳುತ್ತದೆ.

ಇದರಿಂದ ಇನ್ನೊಂದು ಮಾತೂ ಗೊತ್ತಾಗುತ್ತದೆ. ದುಬಾರಿ ಆಕ್ಸ್ ವೈರ್ ಹಾಕಿದರೆ ಸೀಟಿ ಹೋಗುವುದಿಲ್ಲ. ವೈರಿಗೆ ಸಿಕ್ಕಿಸುವ ಕಪ್ಪು ಫೆರೈಟ್ ಗುಂಡಿನಿಂದಲೂ ಹೋಗುವುದಿಲ್ಲ. ಅದು ಕೆಲಸ ಮಾಡುವುದು ರೇಡಿಯೋ ತರಂಗಗಳ ಮಟ್ಟದಲ್ಲಿ, ಕಿವಿಗೆ ಕೇಳುವ ಸದ್ದಿನ ಮೇಲೆ ಅದರ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ.

ಪವರ್ ಬ್ಯಾಂಕ್ ಪರೀಕ್ಷೆ

ಇಡೀ ಲೇಖನದಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ. ಮನೆಯಲ್ಲಿರುವ ಯಾವುದಾದರೂ ಪವರ್ ಬ್ಯಾಂಕ್ ಸಾಕು.

1. ಎಂಜಿನ್ ಓಡುತ್ತಿರಲಿ, ಆಕ್ಸ್ ವೈರನ್ನು ಸ್ಟೀರಿಯೋದಿಂದ ತೆಗೆಯಿರಿ. ಆಗಲೂ ಸೀಟಿ ಇದ್ದರೆ, ಅಥವಾ ರೇಡಿಯೋ ಹಾಕಿದಾಗಲೂ ಇದ್ದರೆ, ರಿಸೀವರ್‌ನ ತಪ್ಪಲ್ಲ. ಸ್ಟೀರಿಯೋದ ಅರ್ತ್ ಸಡಿಲವಾಗಿರಬಹುದು, ಆಲ್ಟರ್ನೇಟರ್‌ನ ಡಯೋಡ್ ಕೆಟ್ಟಿರಬಹುದು. ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ.
2. ತೆಗೆದಾಗ ಸದ್ದು ನಿಂತರೆ ವೈರನ್ನು ವಾಪಸ್ ಹಾಕಿ. ರಿಸೀವರ್‌ನ ಯುಎಸ್‌ಬಿಯನ್ನು ಕಾರಿನ ಚಾರ್ಜರ್‌ನಿಂದ ಕಿತ್ತು ಪವರ್ ಬ್ಯಾಂಕಿಗೆ ಸಿಕ್ಕಿಸಿ. ಪವರ್ ಬ್ಯಾಂಕ್ ಕಾರಿನಲ್ಲಿ ಚಾರ್ಜ್ ಆಗುತ್ತಿರಬಾರದು.
3. ಎಂಜಿನ್ ಏರಿಸಿ ಇಳಿಸಿ ಕೇಳಿ.

ಪವರ್ ಬ್ಯಾಂಕಿನಲ್ಲಿ ಸೀಟಿ ಪೂರ್ತಿ ಮಾಯವಾದರೆ ಅದು ಕರೆಂಟಿನ ದಾರಿಯಲ್ಲೇ ಬರುತ್ತಿತ್ತು ಅಂತ ಖಾತ್ರಿ. ಪವರ್ ಬ್ಯಾಂಕಿಗೆ ಕಾರಿನ ಅರ್ತ್ ಜೊತೆ ಸಂಬಂಧವೇ ಇಲ್ಲ, ಹಾಗಾಗಿ ಲೂಪ್ ಕಡಿದುಹೋಯಿತು. ಬ್ಯಾಟರಿ ಇರುವ ರಿಸೀವರ್ ಆದರೆ ಪವರ್ ಬ್ಯಾಂಕೂ ಬೇಡ, ಚಾರ್ಜಿಂಗ್ ವೈರ್ ಕಿತ್ತು ಕೇಳಿದರೆ ಆಯಿತು.

ಒಂದು ಕಡೆ ಮೋಸ ಹೋಗಬೇಡಿ. ಆಕ್ಸ್ ವೈರಿನ ಒಂದು ತುದಿ ಸ್ಟೀರಿಯೋದಲ್ಲಿದ್ದು ಇನ್ನೊಂದು ತುದಿ ಗಾಳಿಯಲ್ಲಿದ್ದಾಗ, ಅದನ್ನು ಬೆರಳಿನಿಂದ ಮುಟ್ಟಿದರೆ ಜೋರಾಗಿ ಬರ್‍ರ್ ಅನ್ನುತ್ತದೆ. ಅದು ರೋಗವಲ್ಲ. ಆ ಸ್ಥಿತಿಯಲ್ಲಿ ಕೇಳಿದ ಸದ್ದಿನಿಂದ ಏನನ್ನೂ ತೀರ್ಮಾನಿಸಬೇಡಿ.

ಭಾವನ ಕಾರಿನಲ್ಲಿ ಪವರ್ ಬ್ಯಾಂಕಿಗೆ ಹಾಕಿದ ಕೂಡಲೇ ಸೀಟಿ ನಿಂತುಹೋಯಿತು. "ಏನು ಮಾಡಿದ್ಯೋ?" ಅಂತ ಅವರು ಎರಡು ಸಲ ಕೇಳಿದರು. ಸುಯ್ ಸದ್ದು ಮಾತ್ರ ಹಾಗೇ ಇತ್ತು.

ನನಗೆ ಕಣ್ಣಾರೆ ನೋಡುವ ಆಸೆ. ಸಾಮಾನ್ಯ ಹಳದಿ ಮಲ್ಟಿಮೀಟರನ್ನು ಡಿಸಿ 200 ಮಿಲಿವೋಲ್ಟ್‌ಗೆ ತಿರುಗಿಸಿದೆ. ಆಕ್ಸ್ ವೈರಿನ ಒಂದು ತುದಿ ಸ್ಟೀರಿಯೋದಲ್ಲಿ. ಇನ್ನೊಂದು ತುದಿಯ ಪಿನ್ನಿನಲ್ಲಿ ಬುಡದ ಉಂಗುರಕ್ಕೆ ಒಂದು ಕಡ್ಡಿ. ಅದು ಸ್ಟೀರಿಯೋದ ಅರ್ತ್. ಇನ್ನೊಂದು ಕಡ್ಡಿ ಲೈಟರ್ ಸಾಕೆಟ್‌ನ ಪಕ್ಕದ ಗೋಡೆಗೆ, ಅದು ಸಾಕೆಟ್‌ನ ಅರ್ತ್. ತಳಕ್ಕೆ ಕಡ್ಡಿ ತಾಗಿಸಬಾರದು. ಎಂಜಿನ್ ಓಡುವಾಗ 3 ಮಿಲಿವೋಲ್ಟ್ ತೋರಿಸಿತು. ಹೆಡ್‌ಲೈಟ್ ಮತ್ತು ಎಸಿಯ ಬ್ಲೋವರ್ ಪೂರ್ತಿ ಹಾಕಿದಾಗ 19. ಎರಡೂ ಅರ್ತ್ ಒಂದೇ ಆಗಿದ್ದರೆ ಏನು ಹಾಕಿದರೂ ಸೊನ್ನೆಯಲ್ಲೇ ನಿಲ್ಲಬೇಕಿತ್ತು. ರಾತ್ರಿ ಹೊತ್ತು ಸೀಟಿ ಜಾಸ್ತಿ ಅಂತ ಭಾವ ಹೇಳುತ್ತಿದ್ದುದು ಸುಳ್ಳಲ್ಲ ಅಂತ ಆಗ ಗೊತ್ತಾಯಿತು.

ಲೂಪ್ ಕಡಿಯುವ ದಾರಿಗಳು

ಎಲ್ಲಕ್ಕಿಂತ ಸುಲಭದ್ದು ದುಡ್ಡಿಲ್ಲದ್ದು. ಸ್ಟೀರಿಯೋದ ಮುಖದಲ್ಲೇ ಯುಎಸ್‌ಬಿ ತೂತಿದ್ದರೆ ರಿಸೀವರ್‌ಗೆ ಅಲ್ಲಿಂದಲೇ ಕರೆಂಟ್ ಕೊಟ್ಟು ನೋಡಿ. ಕರೆಂಟು, ಸದ್ದು ಎರಡಕ್ಕೂ ಒಂದೇ ಅರ್ತ್ ಆಗುತ್ತದೆ. ಎಷ್ಟೋ ಕಾರುಗಳಲ್ಲಿ ಅಷ್ಟಕ್ಕೇ ಸೀಟಿ ಹೋಗುತ್ತದೆ. ಆದರೆ ಕೆಲವು ಸ್ಟೀರಿಯೋಗಳು ಆಕ್ಸ್‌ಗೆ ತಿರುಗಿಸಿದಾಗ ಯುಎಸ್‌ಬಿಯ ಕರೆಂಟನ್ನೇ ನಿಲ್ಲಿಸುತ್ತವೆ. ಕೆಲವು ಕಡೆ ಸೀಟಿ ಹೋಗಿ ಅದರ ಬದಲು ರಿಸೀವರ್‌ನದೇ ಸಣ್ಣ ಚಿರಿಚಿರಿ ಕೇಳುತ್ತದೆ. ನೋಡಿಯೇ ತಿಳಿಯಬೇಕು.

ಅದು ಆಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್. ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ, ಎರಡೂ ಕಡೆ ಆಕ್ಸ್ ಜೋಡಣೆ. ಇದಕ್ಕೆ ಕರೆಂಟ್ ಬೇಡ. ಆನ್‌ಲೈನ್‌ನಲ್ಲಿ ಈ ಹೆಸರಿನಲ್ಲೇ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತವೆ, ಎಡ ಬಲಕ್ಕೆ ಒಂದೊಂದು. ಹಾಡು ಕಾಂತದ ಮೂಲಕ ಆಚೆ ದಾಟುತ್ತದೆ, ತಾಮ್ರದ ಸಂಪರ್ಕ ಮಾತ್ರ ಇರುವುದಿಲ್ಲ. ಲೂಪಿನ ಕರೆಂಟಿಗೆ ದಾರಿ ಮುಚ್ಚಿತು. ರಿಸೀವರ್ ಮತ್ತು ಸ್ಟೀರಿಯೋ ನಡುವೆ ಇದನ್ನು ಹಾಕಿದರೆ ಆಯಿತು. ಯಾವ ಕಡೆಯಿಂದ ಹಾಕಿದರೂ ನಡೆಯುತ್ತದೆ.

ತಂದ ಮೇಲೆ ಮಲ್ಟಿಮೀಟರಿನಲ್ಲಿ ಒಂದು ನಿಮಿಷ ಪರೀಕ್ಷಿಸಿ. ಬೀಪ್ ಬರುವ ಜಾಗಕ್ಕೆ ತಿರುಗಿಸಿ, ಒಂದು ಕಡೆಯ ಬುಡದ ಉಂಗುರಕ್ಕೂ ಇನ್ನೊಂದು ಕಡೆಯ ಬುಡದ ಉಂಗುರಕ್ಕೂ ಕಡ್ಡಿ ಹಿಡಿಯಿರಿ. ಬೀಪ್ ಬರಬಾರದು. ಬಂದರೆ ಎರಡು ಅರ್ತ್ ಒಳಗೇ ಸೇರಿಕೊಂಡಿವೆ, ಆ ಪೆಟ್ಟಿಗೆಯಿಂದ ಉಪಯೋಗ ಇಲ್ಲ, ವಾಪಸ್ ಕಳಿಸಿ.

ಐಸೊಲೇಟರ್‌ಗೆ ಒಂದು ಮಿತಿ ಇದೆ. ಪುಟ್ಟ ಟ್ರಾನ್ಸ್‌ಫಾರ್ಮರ್‌ಗೆ ತೀರಾ ಕೆಳಗಿನ ಸ್ವರಗಳನ್ನು ಹೊರುವ ಶಕ್ತಿ ಕಡಿಮೆ. ಡೋಲು, ತಮಟೆಯ ಪೆಟ್ಟು ಸ್ವಲ್ಪ ತೆಳ್ಳಗಾಗುತ್ತದೆ. ಜೋರಾಗಿ ಇಟ್ಟರೆ ಆ ಪೆಟ್ಟುಗಳು ಒಡೆದಂತೆ ಕೇಳಬಹುದು. ಭಾವನ ಕಾರಿನಲ್ಲಿ ಸ್ಟೀರಿಯೋದ ಬಾಸ್ ಎರಡು ಮೆಟ್ಟಿಲು ಏರಿಸಿದೆವು, ಸರಿಹೋಯಿತು. ಹಳೆಯ ಭಾವಗೀತೆ ಕೇಳುವವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಬಾಸ್ ಬೇಕೇ ಬೇಕು ಅನ್ನುವವರಿಗೆ ಬೇರೆ ದಾರಿ ಇದೆ. ಸದ್ದಿನ ವೈರನ್ನು ಮುಟ್ಟದೆ ಕರೆಂಟಿನ ಕಡೆ ಲೂಪ್ ಕಡಿಯುವುದು. B0505S-1W ಅನ್ನುವ ಉಗುರಿನಷ್ಟು ಬಿಡಿಭಾಗ ಇದೆ. 5 ವೋಲ್ಟ್ ತೆಗೆದುಕೊಂಡು 5 ವೋಲ್ಟ್ ಕೊಡುತ್ತದೆ, ಆದರೆ ಒಳಗಿನ ಅರ್ತ್ ಹೊರಗಿನ ಅರ್ತಿಗೆ ತಾಗುವುದಿಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಕೇಳಿ ನೋಡಬಹುದು. ಇದು ಕೊಡುವುದು 200 ಮಿಲಿಆಂಪಿಯರ್ ಮಾತ್ರ. ಬ್ಯಾಟರಿ ಇಲ್ಲದ ಸಣ್ಣ ರಿಸೀವರ್‌ಗೆ ಸಾಕು, ಫೋನ್ ಚಾರ್ಜ್ ಮಾಡಲು ಅಲ್ಲವೇ ಅಲ್ಲ. ಬೆಸುಗೆ ಹಾಕಲು ಬರುವವರಿಗೆ ಮಾತ್ರ ಈ ದಾರಿ ಹೇಳುತ್ತೇನೆ.

ಇನ್ನು ಸುಯ್ ಸದ್ದು

ಇದಕ್ಕೆ ಐಸೊಲೇಟರ್ ಮದ್ದಲ್ಲ. ಇದು ರಿಸೀವರ್‌ನ ಒಳಗೆ ಮತ್ತು ಸ್ಟೀರಿಯೋದ ಒಳಗೆ ಸದಾ ಇರುವ ಸದ್ದು. ಪೂರ್ತಿ ಹೋಗುವುದಿಲ್ಲ, ಕೇಳದಷ್ಟು ತಗ್ಗಿಸಬಹುದು.

ಬಾವಿಯಲ್ಲಿ ನೀರು ತಳಮುಟ್ಟಿದಾಗ ಕೊಡ ಇಳಿಸಿದರೆ ಕೆಸರೂ ಮೇಲೆ ಬರುತ್ತದೆ. ಫೋನಿನ ವಾಲ್ಯೂಮ್ ಕಡಿಮೆ ಇಟ್ಟು ಸ್ಟೀರಿಯೋ ಏರಿಸಿದಾಗಲೂ ಹಾಗೇ. ಕಡಿಮೆ ಹಾಡಿನ ಜೊತೆ ತಳದ ಸುಯ್ ಕೂಡ ದೊಡ್ಡದಾಗುತ್ತದೆ. ಭಾವನ ಫೋನ್ 15ರಲ್ಲಿ 6ರಲ್ಲಿತ್ತು, ಸ್ಟೀರಿಯೋ 28ರಲ್ಲಿ. ಫೋನನ್ನು 15ಕ್ಕೆ ಏರಿಸಿ ಸ್ಟೀರಿಯೋವನ್ನು 14ಕ್ಕೆ ಇಳಿಸಿದೆವು. ಹಾಡು ಅಷ್ಟೇ ಜೋರು, ಸುಯ್ ಮಾತ್ರ ಕಿವಿ ಸ್ಪೀಕರಿಗೆ ಹಚ್ಚಿದರಷ್ಟೇ ಕೇಳುವಷ್ಟಾಯಿತು.

ಹೀಗೆ ಮಾಡಿ. ಫೋನ್ ಪೂರ್ತಿ ಏರಿಸಿ. ರಿಸೀವರ್‌ನಲ್ಲೇ ವಾಲ್ಯೂಮ್ ಗುಂಡಿ ಇದ್ದರೆ ಅದನ್ನೂ ಏರಿಸಿ. ಜೋರಾದ ಒಂದು ಹಾಡು ಹಾಕಿ ಕೇಳಿ. ಒಡೆದಂತೆ ಕೇಳಿದರೆ ಫೋನನ್ನು ಒಂದೆರಡು ಮೆಟ್ಟಿಲು ಮಾತ್ರ ಇಳಿಸಿ. ಆಮೇಲೆ ಸದ್ದು ಹೆಚ್ಚು ಕಡಿಮೆ ಮಾಡುವುದೆಲ್ಲ ಸ್ಟೀರಿಯೋದಲ್ಲಿ. ರೇಡಿಯೋಗೆ ತಿರುಗಿಸುವ ಮೊದಲು ವಾಲ್ಯೂಮ್ ನೋಡಿಕೊಳ್ಳಿ, ಮೂಲದಿಂದ ಮೂಲಕ್ಕೆ ಜೋರು ಬೇರೆ ಇರುತ್ತದೆ.

ಆಂಡ್ರಾಯ್ಡ್ ಫೋನಿನಲ್ಲಿ ಪೂರ್ತಿ ಏರಿಸಿದರೂ ಹಾಡು ಕ್ಷೀಣವಾಗಿದ್ದರೆ ಇನ್ನೊಂದು ಪ್ರಯತ್ನ ಉಳಿದಿದೆ. ಫೋನಿನ Developer options ಒಳಗೆ Disable absolute volume ಅನ್ನುವುದನ್ನು ಆನ್ ಮಾಡಿ, ರಿಸೀವರನ್ನು ಒಮ್ಮೆ ಬಿಡಿಸಿ ಮತ್ತೆ ಜೋಡಿಸಿ. ಆಗ ಫೋನಿನ ವಾಲ್ಯೂಮ್ ಮತ್ತು ರಿಸೀವರ್‌ನ ವಾಲ್ಯೂಮ್ ಬೇರೆಬೇರೆಯಾಗುತ್ತವೆ, ಎರಡನ್ನೂ ಏರಿಸಬಹುದು. ಇಷ್ಟಾದರೂ ಸುಯ್ ಜೋರಾಗಿದ್ದರೆ, ಬೇರೆ ಫೋನನ್ನು ವೈರಿನಲ್ಲೇ ನೇರ ಆಕ್ಸ್‌ಗೆ ಹಾಕಿ ಕೇಳಿ. ಅದರಲ್ಲಿ ಶಾಂತವಾಗಿದ್ದರೆ ರಿಸೀವರ್ರೇ ಕಳಪೆ. ಅದನ್ನು ಬದಲಾಯಿಸುವುದೊಂದೇ ದಾರಿ.

ಎಲ್ಲ ಮುಗಿದ ಮೇಲೆ ಒಂದನ್ನು ನೋಡಿಕೊಳ್ಳಿ. ಕೀಲಿ ತೆಗೆದ ಮೇಲೂ ಲೈಟರ್ ಸಾಕೆಟ್‌ನಲ್ಲಿ ಕರೆಂಟ್ ಇರುತ್ತದಾ? ಚಾರ್ಜರ್‌ನ ದೀಪ ಆರದೇ ಇದ್ದರೆ ಇದೆ ಅಂತ ಅರ್ಥ. ಚಾರ್ಜರ್ ಮತ್ತು ರಿಸೀವರ್ ಸೇರಿ 30 ಮಿಲಿಆಂಪಿಯರ್ ಎಳೆಯುತ್ತವೆ ಅಂದುಕೊಂಡರೂ ವಾರಕ್ಕೆ 5 ಆಂಪಿಯರ್ ಅವರ್ ಆಯಿತು. ಸಣ್ಣ ಕಾರಿನ ಬ್ಯಾಟರಿಯೇ 35 ಆಂಪಿಯರ್ ಅವರ್. ಹಬ್ಬಕ್ಕೆ ಊರಿಗೆ ಹೋಗಿ ಎರಡು ಮೂರು ವಾರ ಕಾರು ನಿಲ್ಲಿಸುವವರು ಹೊರಡುವ ಮೊದಲು ಚಾರ್ಜರ್ ಕಿತ್ತಿಡಿ. ಭಾವನ ಕಾರಿನಲ್ಲಿ ಕೀಲಿ ತೆಗೆದರೆ ಸಾಕೆಟ್ ಸತ್ತುಹೋಗುತ್ತದೆ, ಹಾಗಾಗಿ ಐಸೊಲೇಟರನ್ನು ಡ್ಯಾಶ್‌ಬೋರ್ಡ್ ಪಕ್ಕದ ಖಾನೆಯಲ್ಲಿ ಡಬಲ್ ಟೇಪ್ ಹಾಕಿ ಅಂಟಿಸಿ, ವೈರುಗಳನ್ನು ಗೇರಿಗೆ ತಾಗದಂತೆ ಕಟ್ಟಿಬಿಟ್ಟೆವು.